ಅಪ್‌ಡೇಟ್: ಸಿಮೆಂಟ್ ಬಾಕಿಯ ನೋಟಿಸಿಗೆ ಉತ್ತರ ಹೋಯಿತು

ನನ್ನ ಪ್ರಶ್ನೆ: "ನಮ್ಮ ಮನೆ ಕಟ್ಟಿದ ಗುತ್ತಿಗೆದಾರರು ಉಳಿಸಿಕೊಂಡ ಸಿಮೆಂಟ್ ಬಾಕಿ 1,84,000 ರೂಪಾಯಿಯನ್ನು ನಾನೇ ಕೊಡಬೇಕೆಂದು ಅಂಗಡಿಯವರು ಲಾಯರ್ ನೋಟಿಸ್ ಕಳುಹಿಸಿದ್ದಾರೆ. ಅವರು ನಮ್ಮ ಊರಿನವರೇ; ಮನಸ್ತಾಪವಾಗದಂತೆ ನಿರಾಕರಿಸುವುದು ಹೇಗೆ?"

ನಮ್ಮ ವಕೀಲರು ನೋಟಿಸಿನ ಜೊತೆಗಿದ್ದ ಬಿಲ್ಲುಗಳನ್ನೇ ಮೊದಲು ನೋಡಿದರು. ಎಲ್ಲದರಲ್ಲೂ ಖರೀದಿದಾರರ ಹೆಸರು, ಜಿಎಸ್‌ಟಿ ಸಂಖ್ಯೆ ಗುತ್ತಿಗೆದಾರರದು. ಮಾಲು ಇಳಿಸಬೇಕಾದ ಜಾಗವೆಂದು ಮಾತ್ರ ನಮ್ಮ ವಿಳಾಸ. ಒಂದು ಚಲನ್ ಮೇಲೆ ಅಪ್ಪನ ಸಹಿಯಿತ್ತು. ಅದನ್ನು ಮುಚ್ಚಿಡದೆ ವಕೀಲರು ಉತ್ತರದಲ್ಲಿ ಹೀಗೆ ಬರೆದರು: "ಸದರಿ ಸಹಿಯು ಮಾಲು ತಲುಪಿದ್ದಕ್ಕೆ ಮಾತ್ರ, ಹಣ ಪಾವತಿಯ ಹೊಣೆ ಹೊತ್ತಿದ್ದಕ್ಕಲ್ಲ."

ನೋಟಿಸಿನ ಪ್ರತಿ ಪ್ಯಾರಾಕ್ಕೂ ಬೇರೆ ಬೇರೆ ಉತ್ತರವಿದೆ. ಮನೆ ಕಟ್ಟಿಸಿದ್ದು ನಿಜವೆಂದು ಒಪ್ಪಿ, ಖರೀದಿಯ ಒಪ್ಪಂದವನ್ನು ಅಲ್ಲಗಳೆದಿದ್ದೇವೆ. ಗುತ್ತಿಗೆದಾರರಿಗೆ ಸಾಮಗ್ರಿ ಸೇರಿಸಿಯೇ ಪೂರ್ತಿ ಹಣ ಕೊಟ್ಟ ಬ್ಯಾಂಕ್ ವಿವರವನ್ನೂ ಲಗತ್ತಿಸಿದ್ದೇವೆ.

"ಸೌಹಾರ್ದಕ್ಕಾಗಿ ಸ್ವಲ್ಪ ಕೊಡುತ್ತೇನೆ" ಎಂಬ ಸಾಲು ಸೇರಿಸಲು ನನಗೆ ಆಸೆಯಿತ್ತು. ವಕೀಲರು ಒಪ್ಪಲಿಲ್ಲ: ಸಹಿ ಹಾಕಿದ ಪತ್ರದಲ್ಲಿ ಹಾಗೆ ಬರೆದರೆ ನಾಳೆ ಅದನ್ನೇ ಸಾಲದ ಒಪ್ಪಿಗೆಯೆಂದು ತೋರಿಸಬಹುದು. ಸೌಜನ್ಯಕ್ಕೆ ಕೊನೆಯ ಪ್ಯಾರಾ ಸಾಕಾಯಿತು: "ನಿಮ್ಮ ಕಕ್ಷಿದಾರರ ಬಗ್ಗೆ ನನ್ನ ಕಕ್ಷಿದಾರರಿಗೆ ಗೌರವವಿದೆ. ನನ್ನ ಕಕ್ಷಿದಾರರೇ ಖರೀದಿಸಿದ್ದೆಂಬ ದಾಖಲೆಯಿದ್ದರೆ ಕಳುಹಿಸಿ, ಪರಿಶೀಲಿಸುತ್ತೇವೆ. ಸದ್ಯಕ್ಕೆ ಈ ಬೇಡಿಕೆಯನ್ನು ಪೂರ್ಣವಾಗಿ ನಿರಾಕರಿಸಲಾಗಿದೆ."

ಸ್ಪೀಡ್ ಪೋಸ್ಟ್ ರಸೀದಿ ಕಡತದಲ್ಲಿದೆ. ದಾವೆ ಹೂಡಲು ಅವರಿಗೆ ಅಡ್ಡಿಯೇನೂ ಇಲ್ಲ; ಹೂಡಿದರೆ ಇದೇ ಕಾಗದಗಳು ನ್ಯಾಯಾಲಯಕ್ಕೆ ಹೋಗುತ್ತವೆ.