ಡಿಪ್ಲೊಮಸಿ ಆಟದಲ್ಲಿ ಮೋಸ ಪ್ರತಿ ಸಲ ಒಂದು ವರ್ಷ ಮುಂಚೆ ಬರ್ತಿದೆ, ಏನು ಮಾಡೋದು?

ಕೋಥ್ರೂಡ್ ಕಟ್ಟೆ:
ನಾವು ಏಳು ಜನ ತಿಂಗಳಿಗೊಂದು ಭಾನುವಾರ ಪುಣೆಯಲ್ಲಿ ನಮ್ಮ ಮನೆಯಲ್ಲೇ ಡಿಪ್ಲೊಮಸಿ ಆಡುತ್ತೇವೆ: ಯುರೋಪಿನ ನಕ್ಷೆಯ ಮೇಲೆ ಒಬ್ಬೊಬ್ಬರು ಒಂದೊಂದು ದೇಶವಾಗಿ, ಬಾಯಿಮಾತಲ್ಲಿ ಒಪ್ಪಂದ ಮಾಡಿಕೊಂಡು, ಆರ್ಡರ್ ಮಾತ್ರ ಗುಟ್ಟಾಗಿ ಚೀಟಿಯಲ್ಲಿ ಬರೆಯೋ ಯುದ್ಧದ ಆಟ. ಬೆಳಿಗ್ಗೆ ಮಿಸಳ್ ತಿಂದು ಕೂತರೆ ಸಂಜೆ ಆರಕ್ಕೆ ಏಳಬೇಕು. ಅದಕ್ಕೇ ಆಟದ ಕ್ಯಾಲೆಂಡರಿನ 1907ರ ಶರತ್ಕಾಲಕ್ಕೆ ಆಟ ನಿಲ್ಲಿಸಿ, ಯಾರ ಹತ್ತಿರ ಎಷ್ಟು ಸೆಂಟರ್, ಅಂದರೆ ಸೈನ್ಯ ಸಾಕುವ ಊರು, ಇದೆಯೋ ಅಷ್ಟು ಅಂಕ ಅಂತ ಲೆಕ್ಕ.

ಮೂರು ಸಲವೂ ನಾನೇ ಆಸ್ಟ್ರಿಯಾ, ಒಬ್ಬ ಗೆಳೆಯನೇ ಇಟಲಿ. ಮೊದಲ ಸಲ ಅವನು 1907ರ ಕೊನೇ ಆರ್ಡರಿನಲ್ಲಿ ನನ್ನ ಟ್ರಿಯೆಸ್ಟ್ ನುಂಗಿದ. ಮುಂದಿನ ಸಲ 1906ರಲ್ಲೇ. ಹೋದ ತಿಂಗಳು 1905ರಲ್ಲಿ! ಹೀಗೇ ಹೋದರೆ ಟೀ ಬರೋ ಮುಂಚೆ ಯುದ್ಧ ಶುರುವಾಗುತ್ತೆ. ಅವನು ಕೆಟ್ಟವನಲ್ಲ. ತಪ್ಪು ಎಲ್ಲಿದೆ?

ಪಗಡೆ ಪುಟ್ಟ:
ಸಿಂಪಲ್ ಸಾರ್. ಏಟಿಗೆ ಏಟು. 1980ರ ಸುಮಾರಿಗೆ ಅಮೆರಿಕದ ರಾಜ್ಯಶಾಸ್ತ್ರಜ್ಞ ಆಕ್ಸೆಲ್‌ರಾಡ್ ಮಾತಿಗೆ ನಿಲ್ಲೋದಾ ಮೋಸ ಮಾಡೋದಾ ಅನ್ನೋ ಆಟದ ಕಂಪ್ಯೂಟರ್ ಟೂರ್ನಮೆಂಟ್ ನಡೆಸಿದಾಗ ರ‍್ಯಾಪೊಪೋರ್ಟ್ ಕಳಿಸಿದ 'ಟಿಟ್ ಫಾರ್ ಟ್ಯಾಟ್' ಗೆದ್ದಿತ್ತು. ಅವನು ಹೊಡೆದರೆ ಮುಂದಿನ ಸಲ ನೀವೂ ಹೊಡೀರಿ, ದಾರಿಗೆ ಬರ್ತಾನೆ.

ಕೋಥ್ರೂಡ್ ಕಟ್ಟೆ:
ಮಾಡಿ ನೋಡಿದೆ. 1906ರಲ್ಲಿ ಸೈನ್ಯವನ್ನೆಲ್ಲ ವೆನಿಸ್ ಕಡೆ ತಿರುಗಿಸಿದೆ. ಟರ್ಕಿಯವರು ಆರಾಮಾಗಿ ಬಂದು ಸರ್ಬಿಯಾ, ಬುಡಾಪೆಸ್ಟ್ ಎರಡೂ ತಗೊಂಡರು. ನಾನು ಐದನೇ ಸ್ಥಾನ.

ಚೆನ್ನೆಮಣೆ:
ಪುಟ್ಟ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆದರೆ ಆ ಟೂರ್ನಮೆಂಟಿನಲ್ಲಿ ಪ್ರತಿ ಪಂದ್ಯ ಇಬ್ಬರ ನಡುವೆ ಮಾತ್ರ. ಇಬ್ಬರು ಕಿತ್ತಾಡುವಾಗ ಹಿಂದಿನಿಂದ ಬಂದು ಊರು ದೋಚುವ ಮೂರನೆಯವನು ಅಲ್ಲಿರಲಿಲ್ಲ. ನಿಮ್ಮ ಮೇಜಿನಲ್ಲಿ ಇದ್ದಾನೆ.

ಅದು ಆಮೇಲೆ. ಮೊದಲು ದಿನಾಂಕ ಹಿಂದೆ ಸರಿಯೋದು ಯಾಕೆ ಅಂತ ನೋಡೋಣ. 1907ರ ನಂತರ ಏನೂ ಇಲ್ಲ ಅಂತ ಇಬ್ಬರಿಗೂ ಗೊತ್ತು, ಹಾಗಾಗಿ ಆಗ ಹೊಡೆದರೆ ಕೇಳೋರಿಲ್ಲ. '1907ರಲ್ಲಿ ಇಬ್ಬರೂ ಹೊಡೆದೇ ಹೊಡೀತೀವಿ' ಅನ್ನೋದು ಖಾತ್ರಿಯಾದ ಮೇಲೆ 1906ರಲ್ಲಿ ಮಾತು ಉಳಿಸಿಕೊಂಡು ಏನು ಲಾಭ? ಅದೇ ಲೆಕ್ಕ 1905ಕ್ಕೂ. ಸ್ವೆಟರಿನ ಒಂದು ಎಳೆ ಜಗ್ಗಿದ ಹಾಗೆ.

ಒಂದು ಅಂದಾಜು ಲೆಕ್ಕ ಹಾಕಿ. ಇಬ್ಬರೂ ಮಾತಿಗೆ ನಿಂತರೆ ವರ್ಷಕ್ಕೆ ಒಂದೊಂದು ಸೆಂಟರ್ ಬರುತ್ತೆ. ಒಬ್ಬ ಮೋಸ ಮಾಡಿದರೆ ಅವನಿಗೆ ಎರಡು, ಇನ್ನೊಬ್ಬನಿಗೆ ಒಂದು ನಷ್ಟ. ಇಬ್ಬರೂ ಮಾಡಿದರೆ ಸೊನ್ನೆ. ಕೊನೇ ವರ್ಷ ಗೊತ್ತಿದ್ದರೆ ಒಂದಕ್ಕಿಂತ ಎರಡೇ ಜಾಸ್ತಿ ಅಲ್ವಾ? ಅದಕ್ಕೆ ದಿನಾಂಕ ತೆಗೀರಿ. 1905 ಮುಗಿದ ಮೇಲೆ ಪ್ರತಿ ವರ್ಷ ದಾಳ ಹಾಕಿ. 1 ಅಥವಾ 2 ಬಿದ್ದರೆ ಆಟ ಮುಗೀತು. ಆಗ ಆಡುತ್ತಿರುವ ವರ್ಷವೂ ಸೇರಿ ಸರಾಸರಿ ಮೂರು ವರ್ಷ ಆಟ ಬಾಕಿ ಇರುತ್ತೆ, ಅಂದರೆ ಮಾತಿಗೆ ನಿಂತರೆ ಮೂರು ಸೆಂಟರ್, ಮೋಸಕ್ಕೆ ಎರಡು, ಆಮೇಲೆ ಇಬ್ಬರೂ ಹೊಡೆದಾಡಿ ಸೊನ್ನೆ. 1, 2, 3 ಮೂರಕ್ಕೂ ನಿಲ್ಲಿಸಿದರೆ ಎರಡೂ ಕಡೆ ಸರಿಸಮ, ಆಗ ಪ್ರಯೋಜನ ಇಲ್ಲ. ಆಕ್ಸೆಲ್‌ರಾಡ್ ಕೂಡ ಎರಡನೇ ಟೂರ್ನಮೆಂಟಿನಲ್ಲಿ ಆಟದ ಕೊನೆ ಗೊತ್ತಾಗದ ಹಾಗೆ ಮಾಡಿದ್ದರು.

ಮಡಗಾಂವ್ ಮಾಮ:
ನಮ್ಮ ಮನೇಲೂ ಇದೇ ಗೋಳು. ಕಟಾನ್‌ನಲ್ಲಿ ನನ್ನ ಮಗಳು ಇಟ್ಟಿಗೆ ಕೊಡ್ತೀನಿ ಅಂತ ಹೇಳಿ ಕುರಿ ತಗೊಂಡು ಓಡಿ ಹೋಗ್ತಾಳೆ. ದಾಳ ಹಾಕೋದು ಅಲ್ಲೂ ನಡೆಯುತ್ತಾ?

ಚೆನ್ನೆಮಣೆ:
ಮಾಮ, ಕಟಾನ್‌ನಲ್ಲಿ ವ್ಯಾಪಾರ ಅಂದರೆ ಕೈಯಿಂದ ಕೈಗೆ, ಅಲ್ಲೇ ಆಗಬೇಕು. ಸಾಲದ ಮಾತು ಲೆಕ್ಕಕ್ಕಿಲ್ಲ. ಮಗಳಿಗೆ ನಿಯಮ ತೋರಿಸಿ ಸಾಕು.

ಕೋಥ್ರೂಡ್ ಕಟ್ಟೆ:
ನಿನ್ನೆ ದಾಳ ಹಾಕಿ ಆಡಿದೆವು. 1906 ದಾಟಿತು, ಇಟಲಿ ಸುಮ್ಮನಿದ್ದ. 1907ರಲ್ಲಿ ಮತ್ತೆ ಟ್ರಿಯೆಸ್ಟ್ ಹೋಯಿತು. ನನ್ನ ಸೈನ್ಯ ಅಲ್ಲೇ ಕಾವಲಿತ್ತು. ಪಕ್ಕದ ಟೈರೋಲಿಯಾ, ಏಡ್ರಿಯಾಟಿಕ್ ಎರಡೂ ಖಾಲಿ, ಅದಕ್ಕೇ ಧೈರ್ಯವಾಗಿದ್ದೆ. ಚೀಟಿ ಬಿಚ್ಚಿದರೆ:

```
Italy:  A Ven-Tri
Turkey: A Ser S A Ven-Tri
```

ಚೆನ್ನೆಮಣೆ:
ಓಹೋ. ವೆನಿಸ್ ಒಂದೇ ಬಂದರೆ ಒಂದಕ್ಕೊಂದು, ನಿಮ್ಮ ಸೈನ್ಯ ಅಲುಗುತ್ತಿರಲಿಲ್ಲ. ಇಟಲಿಯ ಎರಡನೇ ತುಕಡಿ ಪಕ್ಕಕ್ಕೆ ಬಂದಿದ್ದರೆ ವಸಂತಕಾಲದಲ್ಲೇ ಕಾಣುತ್ತಿತ್ತು, ನೀವು ಕಾದಿದ್ದು ಅದನ್ನೇ. ಆದರೆ ಸರ್ಬಿಯಾದಲ್ಲಿದ್ದ ಟರ್ಕಿ ಸೈನ್ಯ ಇಟಲಿಯ ದಾಳಿಗೆ ಬೆಂಬಲ ಕೊಟ್ಟಿತು, ಎರಡಕ್ಕೊಂದು ಆಯಿತು. ನಾನು ಇಬ್ಬರ ಲೆಕ್ಕ ಹಾಕಿ ಕೊಟ್ಟೆ, ಮೋಸದ ಖರ್ಚನ್ನು ಮೂರನೆಯವನು ವಹಿಸಿಕೊಂಡ. ಇನ್ನೊಂದು ಎಡವಟ್ಟು: ಮನೆ ಸೆಂಟರ್ ಹೋದರೆ ನಿಮಗೆ ಒಂದು ತುಕಡಿಯೂ ಕಮ್ಮಿ, ಆಮೇಲೆ ತಿರುಗಿ ಹೊಡೆಯೋ ಶಕ್ತಿ ಎಲ್ಲಿ? ನನ್ನ ಲೆಕ್ಕದಲ್ಲಿ ಅದು ಇರಲಿಲ್ಲ.

ಮುಂದಿನ ಸಲ ಶುರುವಿನಲ್ಲೇ ಇಟಲಿಗೆ ಹೇಳಿ: 'ಟ್ರಿಯೆಸ್ಟ್ ಮುಟ್ಟಿದರೆ ಉಳಿದದ್ದನ್ನೆಲ್ಲ ಟರ್ಕಿಗೆ ಬಿಟ್ಟುಕೊಡ್ತೀನಿ.' ಟರ್ಕಿ ದೊಡ್ಡದಾದರೆ ಮುಂದೆ ಏಟು ತಿನ್ನೋ ಪಾಳಿ ಇಟಲಿಯದೇ.

ಪಗಡೆ ಪುಟ್ಟ:
ಅದು ಆಟ ಕೆಡಿಸೋದಲ್ವಾ? ಟರ್ಕಿಗೆ ಸುಮ್ನೆ ಗೆಲುವು ಕೊಟ್ಟ ಹಾಗೆ.

ಚೆನ್ನೆಮಣೆ:
ಬೆದರಿಕೆ ನಂಬಿದರೆ ಅದನ್ನು ಮಾಡಬೇಕಾಗಿಯೇ ಬರಲ್ಲ.

ಪಗಡೆ ಪುಟ್ಟ:
ನಂಬದಿದ್ದರೆ?

ಕೋಥ್ರೂಡ್ ಕಟ್ಟೆ:
ನಂಬಲ್ಲ ಅವನು, ಹದಿನೈದು ವರ್ಷದಿಂದ ನನ್ನನ್ನು ನೋಡಿದ್ದಾನೆ. ಮುಂದಿನ ತಿಂಗಳು ನಾನೇ ಟರ್ಕಿ ತಗೊಂಡು ನೋಡ್ತೀನಿ.