ಸಹಾಯ ಬೇಕು: ವಾಪಸ್ ಬಂದ ಹಳೇ ಆರ್ಡರ್ ಯಾವ ವರ್ಷದ ಲೆಕ್ಕಕ್ಕೆ?

ಎಲ್ಲರಿಗೂ ನಮಸ್ಕಾರ. ಬೀದರ್‌ನಲ್ಲಿ ನಮ್ಮದು ಬಿದರಿ ಸಾಮಾನಿನ ಅಂಗಡಿ, ಆನ್‌ಲೈನ್‌ನಲ್ಲೂ ಮಾರುತ್ತೇವೆ. 2018ರಿಂದ ಬಂದ ಆರ್ಡರ್‌ಗಳೆಲ್ಲ ಒಂದೇ ಡೇಟಾಬೇಸ್‌ನಲ್ಲಿವೆ. ಒಂದು ಬಿಲ್ ಹುಡುಕೋಕೂ ತುಂಬಾ ಹೊತ್ತು ಹಿಡಿಯುತ್ತಿದೆ. ಹಳೇದನ್ನು ವರ್ಷದ ಲೆಕ್ಕದಲ್ಲಿ ಬೇರೆ ಕಡೆ ಇಟ್ಟು, ಅವಧಿ ಮುಗಿದ ಮೇಲೆ ಅಳಿಸೋಣ ಅಂತಿದ್ದೇನೆ.

ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ದಾಖಲೆಯನ್ನು 72 ತಿಂಗಳು ಇಡಬೇಕು. ಎಣಿಕೆ ಬಿಲ್ ತಾರೀಖಿನಿಂದ ಅಲ್ಲ, ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ. 2018-19ಕ್ಕೆ ಆ ದಿನ 2020ರ ಡಿಸೆಂಬರ್ 31ಕ್ಕೆ ಮುಂದೆ ಹೋಗಿತ್ತು. ಅಂದರೆ 2026ರ ಡಿಸೆಂಬರ್ 31ರ ತನಕ ಇಡಬೇಕು. 2019-20ರದ್ದು 2027ರ ಮಾರ್ಚ್ 31ರ ತನಕ. ಇಲ್ಲಿವರೆಗೆ ಸರಿ ಅಲ್ವಾ?

ಸಿಕ್ಕಿಬಿದ್ದಿರೋದು ಒಂದು ಹೂದಾನಿಯ ಆರ್ಡರ್‌ನಲ್ಲಿ. 2019ರ ಮಾರ್ಚ್ 28ಕ್ಕೆ ಬಿಲ್ ಆಯ್ತು. ಬೆಳ್ಳಿ ತಂತಿ ಎದ್ದಿದೆ ಅಂತ ಏಪ್ರಿಲ್‌ನಲ್ಲಿ ವಾಪಸ್ ಬಂತು, ಕ್ರೆಡಿಟ್ ನೋಟ್ ಕೊಟ್ಟೆವು. ಬಿಲ್ ಒಂದು ವರ್ಷದ್ದು, ನೋಟ್ ಮುಂದಿನ ವರ್ಷದ್ದು. ನಕಲು ಡೇಟಾಬೇಸ್‌ನಲ್ಲಿ 2018-19ರ ಆರ್ಡರ್ ಅಳಿಸಿ ನೋಡಿದೆ. ಕ್ರೆಡಿಟ್ ನೋಟ್ ಉಳಿಯಿತು, ಆದರೆ ಅದರಲ್ಲಿ ಮೂಲ ಬಿಲ್ ನಂಬರಿನ ಜಾಗ ಖಾಲಿ! ಆಡಿಟ್‌ನಲ್ಲಿ ಇದನ್ನು ಹೇಗೆ ತೋರಿಸೋದು?

ಇಂಥ ಜೋಡಿ ದಾಖಲೆಗಳಲ್ಲಿ ಮೂಲ ಬಿಲ್ಲನ್ನೂ ಕ್ರೆಡಿಟ್ ನೋಟ್‌ನ ಅವಧಿ ಮುಗಿಯೋ ತನಕ, ಅಂದರೆ 2027ರ ಮಾರ್ಚ್ 31ರವರೆಗೆ ಇಡಬೇಕಾ? ಅಥವಾ ಬಿಲ್‌ನ ಪಿಡಿಎಫ್ ಮಾತ್ರ ಇಟ್ಟುಕೊಂಡು ಆರ್ಡರ್ ಅಳಿಸಿದರೆ ಸಾಕಾ? ಜಿಎಸ್‌ಟಿ ಆಡಿಟ್ ಎದುರಿಸಿದವರು ದಯವಿಟ್ಟು ತಿಳಿಸಿ.