ಪದಚರ್ಚೆ: ‘ನಂದೇ ತಪ್ಪು’ ಎಂದರೆ ‘ತಪ್ಪು ತಿಳಿದಿದ್ದೆ’ ಎಂಬ ಅರ್ಥ ಬರುತ್ತದೆಯೇ? (ಡಬ್ಬಿಂಗ್ ಸಾಲು)

ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಚಿತ್ರವೊಂದರ ಮಾತುಗಳನ್ನು ಕನ್ನಡ ಡಬ್ಬಿಂಗಿಗೆ ಹೊಂದಿಸುತ್ತಿದ್ದೇನೆ. ಅನುವಾದ ಮುಗಿದಿದೆ. ಈಗ ಉದ್ದ, ನಿಲುಗಡೆ, ತುಟಿ ನೋಡಿಕೊಂಡು ತಿದ್ದುವ ಕೆಲಸ. ಒಂದು ಸಾಲು ಮಾತ್ರ ಕೂರುತ್ತಿಲ್ಲ.

ವಯಸ್ಸಾದ ಪೊಲೀಸ್ ಅಧಿಕಾರಿ, ಹೆಂಗಸು. ಕಳ್ಳತನ ಮಾಡಿದ್ದು ಒಬ್ಬ ಹುಡುಗನೇ ಎಂದು ಶುರುವಿನಿಂದಲೂ ನಂಬಿದ್ದಾಳೆ. ಈಗ ಆ ನಂಬಿಕೆ ಅಲುಗಾಡಿದೆ. ಪರದೆ ತುಂಬ ಅವಳ ಮುಖ. ಹೇಳುವುದು ಇಷ್ಟೇ: “ಮೇಬಿ... ಐ ವಾಸ್ ರಾಂಗ್ ಅಬೌಟ್ ಹಿಮ್.” ‘ಮೇಬಿ’ ಆದ ಮೇಲೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸುಮ್ಮನಿರುತ್ತಾಳೆ. ಉಳಿದದ್ದು 1.5 ಸೆಕೆಂಡಿನಲ್ಲಿ ಮುಗಿಯುತ್ತದೆ. ‘ಹಿಮ್’ ಅಂದ ಮೇಲೆ ಶಾಟ್ ಕಟ್ ಆಗುವವರೆಗೂ ತುಟಿ ಮುಚ್ಚಿಯೇ ಇರುತ್ತದೆ.

ಅನುವಾದದಲ್ಲಿ “ಬಹುಶಃ... ನಾನು ಅವನ ಬಗ್ಗೆ ತಪ್ಪು ತಿಳಿದುಕೊಂಡಿದ್ದೆ” ಎಂದಿತ್ತು. ಚಿತ್ರದ ಜೊತೆ ಹೇಳಿ ನೋಡಿದರೆ ಅವಳ ಬಾಯಿ ಮುಚ್ಚಿದ ಮೇಲೂ ‘ಕೊಂಡಿದ್ದೆ’ ಕೇಳಿಸುತ್ತಲೇ ಇರುತ್ತದೆ. ಅದಕ್ಕೇ “ಬಹುಶಃ... ಅವನ ಬಗ್ಗೆ ನಂದೇ ತಪ್ಪು” ಎಂದು ಮಾಡಿದೆ. ಉದ್ದ ಕೂತಿತು. ಕೊನೆಯ ‘ಪ್ಪು’ ಅವಳ ತುಟಿ ಮುಚ್ಚುವಲ್ಲೇ ಬಂತು.

ನನ್ನ ಪ್ರಶ್ನೆ ಅರ್ಥದ್ದು. ‘ನಂದೇ ತಪ್ಪು’ ಕೇಳಿದವರಿಗೆ ಅವಳು ಹುಡುಗನನ್ನು ತಪ್ಪಾಗಿ ತಿಳಿದಿದ್ದಳು ಎಂದು ಹೊಳೆಯುತ್ತದೆಯೇ? ಅಥವಾ ಅವಳೇ ಏನೋ ತಪ್ಪು ಮಾಡಿದಳು ಎಂದಾಗುತ್ತದೆಯೇ?

ಪತ್ರಿಕೆಯ ಕರಡು ತಿದ್ದುವವರು:

ಇಷ್ಟು ಕಷ್ಟ ಯಾಕೆ? “ಬಹುಶಃ ಅವನ ಬಗ್ಗೆ ನಾನು ತಪ್ಪು ತಿಳಿದಿದ್ದೆ” ಎಂದು ಹಾಕಿ. ಪರದೆಯ ಕೆಳಗೆ ಒಂದೇ ಸಾಲಿನಲ್ಲಿ ಹಿಡಿಯುತ್ತದೆ, ಓದಲೂ ಸಲೀಸು.

ಅನುವಾದಕಿ:

ಇದು ಓದುವ ಸಾಲಲ್ಲ ಸರ್, ಕಲಾವಿದೆ ಆಡುವ ಮಾತು. ಓದುಗರಿಗೆ ಸಾಲು ಒಂದಿಷ್ಟು ಹೊತ್ತು ನಿಂತರೂ ನಡೆಯುತ್ತದೆ. ಇಲ್ಲಿ ಬಾಯಿ ಮುಚ್ಚಿದ ಕೂಡಲೇ ಮಾತೂ ನಿಲ್ಲಬೇಕು.

ಕನ್ನಡ ಮೇಷ್ಟ್ರು:

ನಿಮ್ಮ ಅನುಮಾನ ಸರಿ. ‘ನಂದೇ ತಪ್ಪು’ ಎಂದರೆ ಹೊಣೆ ಹೊರುವ ಮಾತು. ಜಗಳದ ಕೊನೆಗೆ, ಅಪಘಾತ ಆದ ಮೇಲೆ ಹೇಳುವಂಥದ್ದು. ‘ಅವನ ಬಗ್ಗೆ’ ಸೇರಿದ್ದರಿಂದ ಅರ್ಥ ಸ್ವಲ್ಪ ತಿರುಗುತ್ತದೆ, ಆದರೆ ಪೂರ್ತಿ ತಿರುಗುವುದಿಲ್ಲ.

ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ನಿಲುಗಡೆಯ ನಂತರ ಆರು ಅಕ್ಷರ ಇವೆ. ಕನ್ನಡದಲ್ಲೂ ಆರೇ ಇರಬೇಕು, ಅಲ್ವಾ? ಅಕ್ಷರ ಎಣಿಸಿ ಬರೆದರೆ ಉದ್ದದ ಸಮಸ್ಯೆಯೇ ಬರುವುದಿಲ್ಲ.

ಡಬ್ಬಿಂಗ್ ಬರಹಗಾರ:

ಮೇಷ್ಟ್ರು ಅರ್ಥದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಅಕ್ಷರದ ಲೆಕ್ಕ ಮಾತ್ರ ಅರ್ಧ ದಾರಿಗೆ ಬಂದು ನಿಲ್ಲುತ್ತದೆ. ಮೊದಲ ಅನುವಾದದಲ್ಲಿ ನಿಲುಗಡೆಯ ನಂತರ 15 ಅಕ್ಷರ ಇದ್ದವು. 1.5 ಸೆಕೆಂಡಿನಲ್ಲಿ ಅಷ್ಟನ್ನು ಹೇಳಬೇಕಾದರೆ ಬಡಬಡಿಸಬೇಕು. ಯೋಚಿಸುತ್ತಾ ಆಡುವ ಮಾತು ಅದಾಗುವುದಿಲ್ಲ. ಅಲ್ಲಿಯವರೆಗೆ ಎಣಿಕೆ ಉಪಯೋಗಕ್ಕೆ ಬರುತ್ತದೆ. ಆದರೆ ‘ರಾಂಗ್’ ಅನ್ನುವ ಒಂದು ಅಕ್ಷರ ಹಿಡಿಯುವ ಹೊತ್ತಿನಲ್ಲಿ ನಮ್ಮ ‘ಅವ’ ಎರಡೂ ಮುಗಿದಿರುತ್ತವೆ. ಹಾಗಾಗಿ ಆರಕ್ಕೆ ಆರೇ ಬೇಕು ಎಂದೇನಿಲ್ಲ. ನಾನು ಛಂದಸ್ಸಿನ ಹಾಗೆ ಮಾತ್ರೆ ಎಣಿಸುತ್ತೇನೆ. ಅದೂ ಅಂದಾಜೇ, ಆದರೂ ಬಾಯಿಗೆ ಹತ್ತಿರ.

ಈ ಸಾಲು ನೋಡಿ: “ನಾನಂದ್ಕೊಂಡಿದ್ದೇ ತಪ್ಪು.” ಏಳು ಅಕ್ಷರ. “ಅವನ ಬಗ್ಗೆ ನಂದೇ ತಪ್ಪು” ಒಂಬತ್ತು ಅಕ್ಷರ. ಆದರೆ ಎರಡೂ 13 ಮಾತ್ರೆ, ಹೇಳಲು ಹೆಚ್ಚುಕಡಿಮೆ ಒಂದೇ ಹೊತ್ತು. ಮೊದಲನೆಯದರಲ್ಲಿ ಅರ್ಥ ನಿಮಗೆ ಬೇಕಾದದ್ದೇ: ಅಂದುಕೊಂಡಿದ್ದು ತಪ್ಪಾಯಿತು, ಮಾಡಿದ್ದಲ್ಲ. ‘ಕೊಂ’ ಬರುವಾಗ ತುಟಿ ದುಂಡಗಾಗುತ್ತದೆ. ಅವಳ ‘ರಾಂಗ್’ ಬೀಳುವುದೂ ಅಲ್ಲೇ. ‘ಅಬೌಟ್’ನಲ್ಲಿ ತುಟಿ ಒಮ್ಮೆ ಮುಚ್ಚುತ್ತದೆ, ನಮ್ಮಲ್ಲಿ ಮುಚ್ಚುವುದಿಲ್ಲ. ಅದನ್ನು ಬಿಟ್ಟುಬಿಡಿ. ಓಡುವ ಮಾತಿನ ನಡುವೆ ಅದು ಕ್ಷಣ ಮಾತ್ರ, ನೋಡುವವರ ಕಣ್ಣಿಗೆ ಬೀಳುವುದು ಕಡಿಮೆ. ಕಣ್ಣಿಗೆ ಬೀಳುವುದು ಮಾತು ಶುರುವಾಗುವ ಜಾಗ, ನಿಲುಗಡೆಯ ಅಂಚು, ಮತ್ತು ಕೊನೆ.

ಕನ್ನಡಕ್ಕೆ ಕೊನೆಯೇ ತೊಂದರೆ. ನಮ್ಮ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಬಾಯಿ ತೆರೆದೇ ಇರುತ್ತದೆ. ‘ತಿಳ್ಕೊಂಡೆ’ ಎಂದು ಮುಗಿಸಿದರೆ ಮುಚ್ಚಿದ ತುಟಿಯೊಳಗಿಂದ ‘ಎ’ ಬಂದ ಹಾಗಾಗುತ್ತದೆ. ‘ತಪ್ಪು’ ಆದರೆ ‘ಪ್’ನಲ್ಲಿ ತುಟಿ ಕೂಡುತ್ತದೆ, ಉಳಿದ ‘ಉ’ಗೆ ಸ್ವಲ್ಪವೇ ತೆರೆದರೆ ಸಾಕು. ಕಲಾವಿದೆ ಆ ‘ಉ’ವನ್ನು ಎಳೆಯಬಾರದು, ಅಷ್ಟೇ. ನೀವು ‘ತಪ್ಪು’ ಕೊನೆಗೆ ತಂದದ್ದು ಒಳ್ಳೆಯ ಕೆಲಸ. ಅದನ್ನು ಮಾತ್ರ ಕದಲಿಸಬೇಡಿ.

ಅನುವಾದಕಿ:

ತುಂಬ ಉಪಕಾರವಾಯಿತು. ಆದರೆ ‘ಅವನು’ ಕಳೆದುಹೋಯಿತು. ಹುಡುಗನ ಮಾತು ಬಂದದ್ದು ಎರಡು ದೃಶ್ಯದ ಹಿಂದೆ. ಏನಂದುಕೊಂಡದ್ದು, ಯಾರ ಬಗ್ಗೆ ಎಂದು ತಿಳಿಯುವುದು ಹೇಗೆ?

ಡಬ್ಬಿಂಗ್ ಬರಹಗಾರ:

ಇದಕ್ಕೆ ಮುಂಚಿನ ಮಾತು ಯಾರದು? ಆಗ ಕ್ಯಾಮೆರಾ ಯಾರ ಮೇಲಿದೆ?

ಅನುವಾದಕಿ:

ಜೊತೆಯ ಅಧಿಕಾರಿ “ಏನಾಯ್ತು ಮೇಡಂ?” ಎನ್ನುತ್ತಾನೆ. ಅವನ ಬೆನ್ನು ಮಾತ್ರ ಕಾಣುತ್ತದೆ.

ಡಬ್ಬಿಂಗ್ ಬರಹಗಾರ:

ಹಾಗಾದರೆ ಅಲ್ಲಿಗೆ ಸಾಗಿಸಿ. ಬೆನ್ನು ಕಾಣುವ ಕಡೆ ತುಟಿಯ ಹಂಗಿಲ್ಲ, ಹೊತ್ತಿನದು ಮಾತ್ರ. “ಆ ಹುಡ್ಗನ ಯೋಚ್ನೆನಾ ಮೇಡಂ?” ಎಂದರೆ ಸ್ವಲ್ಪ ಉದ್ದವಾಗುತ್ತದೆ. ಅವನ ಮಾತು ಮುಗಿದು ಅವಳು ಬಾಯಿ ತೆರೆಯುವವರೆಗೆ ಜಾಗ ಇದ್ದರೆ ಹಿಡಿಯುತ್ತದೆ. ಅವಳ ಮುಖ ಆಗಲೇ ಕಾಣುತ್ತಿದ್ದರೆ ಒಂದು ವಿಷಯ ನೋಡಿಕೊಳ್ಳಿ. ಅವನ ಮಾತಿಗೆ ಅವಳು ಕಣ್ಣು ಎತ್ತುವ ಹೊತ್ತಿಗೆ ‘ಹುಡ್ಗ’ ಕೇಳಿಸಿರಬೇಕು.

ಕಂಠದಾನ ಕಲಾವಿದೆ:

ನಾನು ಕಾರ್ಟೂನುಗಳಿಗೂ ದನಿ ಕೊಡುತ್ತೇನೆ. ಅಲ್ಲಿ ಬಾಯಿ ಸುಮ್ನೆ ತೆರೆದು ಮುಚ್ಚುತ್ತದೆ, ಇಷ್ಟು ತಲೆನೋವಿಲ್ಲ. ಮನುಷ್ಯರ ಮುಖ ಆದರೆ ನಿಲುಗಡೆಯೇ ನಮಗೆ ಕಷ್ಟ. ನಿಲುಗಡೆಯಲ್ಲಿ ಅವಳು ಉಸಿರು ಎಳೆದುಕೊಳ್ಳುತ್ತಾಳಾ? ತುಟಿ ತೆರೆದೇ ಇದೆಯಾ? ಅದನ್ನು ಸ್ಕ್ರಿಪ್ಟಿನಲ್ಲಿ ದಯವಿಟ್ಟು ಬರೆಯಿರಿ. ಬರೀ ಮೂರು ಚುಕ್ಕೆ ಇದ್ದರೆ ನಾವು ಸದ್ದಿಲ್ಲದೆ ಕಾಯುತ್ತೇವೆ. ಪರದೆಯಲ್ಲಿ ಎದೆ ಏರುವುದು ಕಾಣುತ್ತದೆ, ಉಸಿರು ಕೇಳುವುದಿಲ್ಲ.

ಇನ್ನೊಂದು ಹೊಳೆಯಿತು. ‘ಮೇಬಿ’ಯಲ್ಲಿ ತುಟಿ ಎರಡು ಸಲ ಮುಚ್ಚುತ್ತದೆ. ‘ಬಹುಶಃ’ದಲ್ಲಿ ಒಂದೇ ಸಲ, ಜೊತೆಗೆ ಮಾತಿನಲ್ಲಿ ಯಾರೂ ಅದನ್ನು ಅಷ್ಟಾಗಿ ಅನ್ನುವುದಿಲ್ಲ. “ಪಾಪ... ನಾನಂದ್ಕೊಂಡಿದ್ದೇ ತಪ್ಪು” ಎಂದರೆ? ಎರಡೂ ಕಡೆ ತುಟಿ ಕೂಡುತ್ತದೆ. ‘ಅವನು’ ಯಾರು ಎಂಬ ಸೂಚನೆಯೂ ಬಂತು.

ಡಬ್ಬಿಂಗ್ ಬರಹಗಾರ:

ತುಟಿಗೆ ಇದಕ್ಕಿಂತ ಚೆನ್ನಾಗಿ ಕೂರುವುದು ಸಿಗುವುದಿಲ್ಲ. ‘ಪಾ’ಗೆ ದವಡೆ ‘ಮೇ’ಗಿಂತ ಜಾಸ್ತಿ ಇಳಿಯುತ್ತದೆ. ಮೆಲ್ಲಗೆ ಹೇಳಿದರೆ ಅದೂ ಸರಿಹೋಗುತ್ತದೆ. ಆದರೂ ನಾನು ಇದನ್ನು ಬರೆಯುವುದಿಲ್ಲ. ‘ಮೇಬಿ’ಯಲ್ಲಿ ಅನುಮಾನ ಇದೆ. ‘ಪಾಪ’ ಅಂದ ಕೂಡಲೇ ಅವಳು ತೀರ್ಮಾನಕ್ಕೆ ಬಂದಾಯಿತು, ಕನಿಕರವೂ ಹುಟ್ಟಿತು. ಕಥೆಯಲ್ಲಿ ಅವಳು ಆ ಜಾಗಕ್ಕೆ ಇನ್ನೂ ಬಂದಿಲ್ಲ ಅನಿಸುತ್ತದೆ.

ಕನ್ನಡ ಮೇಷ್ಟ್ರು:

ಎಲ್ಲ ‘ಪಾಪ’ವೂ ಕನಿಕರ ಅಲ್ಲ. “ಪಾಪ, ಅವರೂ ಏನು ಮಾಡ್ತಾರೆ” ಎನ್ನುವಾಗ ಬರೀ ಮೆತ್ತನೆಯ ಪೀಠಿಕೆ. ನಿಲುಗಡೆ ಬಂದಾಗ ಹೇಗೆ ಕೇಳುತ್ತದೆ ಎನ್ನುವುದು ಪ್ರಶ್ನೆ. ಒಂದೇ ಪದ ಹೇಳಿ ಒಂದು ಸೆಕೆಂಡ್ ನಿಂತರೆ ಅದಕ್ಕೆ ತೂಕ ಬರುತ್ತದೆ ಎಂದು ನನಗೂ ಅನಿಸುತ್ತದೆ.

ಅನುವಾದಕಿ:

ಬೆನ್ನು ಕಾಣುವ ಮಾತನ್ನು ಹೇಳಿ ನೋಡಿದೆ, ಹಿಡಿಯಿತು. ಅವಳು ಕಣ್ಣು ಎತ್ತುವುದೂ ‘ಹುಡ್ಗನ’ ಆದ ಮೇಲೆಯೇ. ಉಸಿರನ್ನು ಸ್ಕ್ರಿಪ್ಟಿನಲ್ಲಿ ಗುರುತು ಹಾಕಿದ್ದೇನೆ. “ನಾನಂದ್ಕೊಂಡಿದ್ದೇ ತಪ್ಪು” ಉಳಿಸಿಕೊಳ್ಳುತ್ತೇನೆ.

ಶುರುವಿನ ಪದ ಮಾತ್ರ ಬಾಕಿ. ‘ಬಹುಶಃ’, ‘ಪಾಪ’ ಎರಡನ್ನೂ ಬರೆದು ಡಬ್ಬಿಂಗ್ ನಿರ್ದೇಶಕರ ಮುಂದಿಡುತ್ತೇನೆ. ಅನುಮಾನವನ್ನು ಉಳಿಸಿಕೊಂಡು, ಎರಡಕ್ಷರದಲ್ಲಿ ಎರಡು ಸಲ ತುಟಿ ಮುಚ್ಚಿಸುವ ಆಡುಮಾತು ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ. ರೆಕಾರ್ಡಿಂಗಿಗೆ ಇನ್ನೂ ಸ್ವಲ್ಪ ಸಮಯ ಇದೆ.